ಹೆಸರಿಗೊಂದು ‘ಎಚ್’ ಸೇರಿಸಿದರೆ

‘ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎಂಬುದು ಹಳೆಯ ಗಾದೆ. ಹೆಸರಿಗೂ ಹಣೆಬರಹಕ್ಕೂ ಅಂಥ ನಂಟೇನೂ ಇಲ್ಲವೆಂಬುದನ್ನು ಹಿಂದಿನವರು ನಗುತ್ತಲೇ ಹೇಳಿಬಿಟ್ಟಿದ್ದರು. ಆದರೆ ಈಚೆಗೆ ಗಾದೆಯ ಬಲ ಕುಗ್ಗಿ, ಲೆಕ್ಕದ ಬಲ ಹೆಚ್ಚಿದೆ. ಹೆಸರನ್ನು ಬದಲಾಯಿಸಬೇಕಾಗಿಲ್ಲ, ಕರೆಯುವ ಬಗೆಯನ್ನೂ ಬದಲಾಯಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದಕ್ಷರ ಕೂಡಿಸಿದರೆ ಅಥವಾ ಕಳೆದರೆ ಸಾಕು, ಅದೃಷ್ಟ ತಾನಾಗಿ ಬಾಗಿಲು ತಟ್ಟುತ್ತದೆ ಎನ್ನುವ ಸಂಖ್ಯಾಶಾಸ್ತ್ರಜ್ಞರು ಊರೂರಿಗೂ ಇದ್ದಾರೆ. ಅವರ ಮಾತನ್ನು ಕೇಳಿ ನಕ್ಕುಬಿಡುವುದು ಸುಲಭ, ಕೇಳಿ ನಂಬಿಬಿಡುವುದು ಅದಕ್ಕಿಂತ ಸುಲಭ. ಕಾಗದ ಪೆನ್ಸಿಲು ಹಿಡಿದು ಅವರ ಲೆಕ್ಕವನ್ನು ಅವರ ರೀತಿಯಲ್ಲಿಯೇ ಮಾಡಿ ನೋಡುವವರು ಮಾತ್ರ ವಿರಳ.

ಹಾಗೆ ಮಾಡಿ ನೋಡುವ ಸಲುವಾಗಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ, ಹೆದ್ದಾರಿಯ ಮೇಲಿರುವ ಐಮಂಗಲದಲ್ಲಿ ಆ ಮನೆ. ಯಜಮಾನರು ನಿವೃತ್ತರಾದ ಗಣಿತದ ಮೇಷ್ಟ್ರು. ಮೊಮ್ಮಗಳ ಹೆಸರು ಸವಿತಾ, ಹತ್ತನೆಯ ತರಗತಿ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹುಡುಗಿ ಗಣಿತದಲ್ಲಿಯೇ ಸೋತಳು. ಅದೇ ತಿಂಗಳಲ್ಲಿ ಅವಳ ತಂದೆಯ ಅಂಗಡಿಯ ವ್ಯಾಪಾರವೂ ಇಳಿಮುಖವಾಯಿತು. ಒಂದು ದಿನ ಸೊಸೆ ಚಿತ್ರದುರ್ಗಕ್ಕೆ ಹೋಗಿ ಬಂದು, ಮಾವನವರ ಮುಂದೆ ಒಂದು ಚೀಟಿಯನ್ನಿಟ್ಟಳು.

“ಮಾವ, ಮಗುವಿನ ಹೆಸರಿನಲ್ಲಿಯೇ ದೋಷವಿದೆಯಂತೆ. ಕೂಡಿದರೆ ಹದಿನಾರು ಬರುತ್ತದಂತೆ. ಹದಿನಾರೆಂದರೆ ಸಿಡಿಲು ಬಡಿದ ಗೋಪುರವಂತೆ. ಪರೀಕ್ಷೆಯ ಅರ್ಜಿ ಹೋಗುವುದರೊಳಗೆ ಒಂದು ‘ಎಚ್’ ಸೇರಿಸಿಬಿಡಿ ಎಂದರು. ಒಂದು ಮಂಡಲ ದಿನಕ್ಕೆ ನೂರೆಂಟು ಸಲ ಅವಳು ಹೊಸ ರೀತಿಯಲ್ಲಿ ಹೆಸರು ಬರೆಯಬೇಕಂತೆ.”

ಮೇಷ್ಟ್ರು ನಗಲಿಲ್ಲ. ತಾಯಿಯ ಭಯ ನಗುವ ವಸ್ತುವಲ್ಲವೆಂಬುದನ್ನು ಅವರು ಬಲ್ಲರು. “ಆಗಲಮ್ಮ, ಅವರು ಹೇಗೆ ಕೂಡಿದರೆಂಬುದನ್ನು ಮೊದಲು ನೋಡೋಣ” ಎಂದು ಪೆನ್ಸಿಲು ತೆಗೆದುಕೊಂಡರು.

ಸಂಖ್ಯಾಶಾಸ್ತ್ರದ ಲೆಕ್ಕ ಕಷ್ಟದ್ದಲ್ಲ. ಇಂಗ್ಲಿಷಿನ ಪ್ರತಿಯೊಂದು ಅಕ್ಷರಕ್ಕೂ ಒಂದು ಬೆಲೆಯುಂಟು. ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ‘ಚಾಲ್ಡಿಯನ್’ ಎಂಬ ಕೋಷ್ಟಕ. ಅದರಂತೆ ‘ಎಸ್’ಗೆ 3, ‘ಎ’ಗೆ 1, ‘ವಿ’ಗೆ 6, ‘ಐ’ಗೆ 1, ‘ಟಿ’ಗೆ 4, ಕೊನೆಯ ‘ಎ’ಗೆ ಮತ್ತೆ 1. ಒಟ್ಟು 16. ಅದರ ಅಂಕಿಗಳನ್ನು ಕೂಡಿದರೆ 7. ಹುಡುಗಿ ಹುಟ್ಟಿದುದು 12ನೆಯ ತಾರೀಖು. ಆದುದರಿಂದ ಅವಳ ಜನ್ಮಸಂಖ್ಯೆ ಒಂದು ಮತ್ತು ಎರಡು ಕೂಡಿ 3. ಹೆಸರಿನ ಸಂಖ್ಯೆ ಜನ್ಮಸಂಖ್ಯೆಗೆ ಹೊಂದಬೇಕು, ಇಲ್ಲವಾದರೆ ಬಾಳು ಗಾಳಿಗೆ ಎದುರಾಗಿ ನಡೆದಂತೆ ಎಂಬುದು ಅವರ ಸಿದ್ಧಾಂತ. ಒಂದೊಂದು ಸಂಖ್ಯೆಗೂ ಒಂದೊಂದು ಗ್ರಹ: 1 ರವಿ, 2 ಚಂದ್ರ, 3 ಗುರು, ಹೀಗೆ ಸಾಗಿ 8 ಶನಿ, 9 ಕುಜ. ಇದಲ್ಲದೆ ಹತ್ತರಿಂದ ಮೇಲಿನ ಮೊತ್ತಗಳಿಗೂ ಬೇರೆಬೇರೆ ಫಲಗಳುಂಟು. 16 ಪತನದ ಸಂಖ್ಯೆ, 21 ಕಿರೀಟದ ಸಂಖ್ಯೆ. ‘ಟಿ’ಯ ಪಕ್ಕದಲ್ಲಿ ಐದು ಬೆಲೆಯ ‘ಎಚ್’ ಒಂದನ್ನು ಕೂರಿಸಿದರೆ 16 ಹೋಗಿ 21 ಆಗುತ್ತದೆ. ಎರಡು ಮತ್ತು ಒಂದು ಮೂರು. ಜನ್ಮಸಂಖ್ಯೆಗೂ ಹೊಂದಿತು, ಕಿರೀಟವೂ ದೊರೆಯಿತು. ಲೆಕ್ಕದಲ್ಲಿ ಎಲ್ಲಿಯೂ ತಪ್ಪಿಲ್ಲ. ಕೂಡುವುದರಲ್ಲಿ ತಪ್ಪಿಲ್ಲದಿದ್ದರೆ ಪ್ರಶ್ನೆ ಉಳಿಯುವುದು ಕೋಷ್ಟಕದ ಮೇಲೆ. ‘ಎಸ್’ಗೆ ಮೂರು ಎಂದು ಬೆಲೆ ಕಟ್ಟಿದವರು ಯಾರು?

ಸಾಮಾನ್ಯವಾಗಿ ದೊರೆಯುವ ಉತ್ತರ, ಐದಾರು ಸಾವಿರ ವರ್ಷಗಳ ಹಿಂದೆ ಬ್ಯಾಬಿಲೋನಿನ ಜ್ಞಾನಿಗಳು ಎಂಬುದು. ಬ್ಯಾಬಿಲೋನಿನವರು ಜೇಡಿಮಣ್ಣಿನ ಹಲಗೆಗಳ ಮೇಲೆ ಬೆಣೆಯಾಕಾರದ ಲಿಪಿಯಲ್ಲಿ ಬರೆದರು. ಅವರಿಗೆ ‘ಎಸ್’ ಆಗಲಿ ‘ಎಚ್’ ಆಗಲಿ ಗೊತ್ತಿರಲಿಲ್ಲ. ಈ ಕೋಷ್ಟಕವನ್ನು ಲೋಕದಲ್ಲೆಲ್ಲ ಪ್ರಚಾರ ಮಾಡಿದವನು ಐರ್ಲೆಂಡಿನಲ್ಲಿ ಹುಟ್ಟಿದ ವಿಲಿಯಂ ಜಾನ್ ವಾರ್ನರ್. ಹಸ್ತಸಾಮುದ್ರಿಕಕ್ಕೆ ಪ್ರಸಿದ್ಧನಾದ ಅವನು ‘ಕೀರೋ’ ಎಂಬ ಹೆಸರಿನಿಂದ ಬರೆದನು. ಸಂಖ್ಯೆಗಳನ್ನು ಕುರಿತ ಅವನ ಪುಸ್ತಕ ಹೊರಬಂದುದು 1926ರಲ್ಲಿ. ಸಿಡಿಲು ಬಡಿದ ಗೋಪುರವೂ ಕಿರೀಟವೂ ಅಲ್ಲಿಂದಲೇ ನಮ್ಮ ಊರುಗಳಿಗೆ ಬಂದವು.

ಕೋಷ್ಟಕದ ಮೂಲ ಎಲ್ಲಿಯದೆಂಬುದು ಅದನ್ನು ನೋಡಿದರೇ ತಿಳಿಯುತ್ತದೆ. ಅದರಲ್ಲಿ ‘ಬಿ’, ‘ಕೆ’, ‘ಆರ್’ ಈ ಮೂರಕ್ಕೂ ಎರಡೇ ಬೆಲೆ. ಸಂಬಂಧವಿಲ್ಲದ ಈ ಮೂರು ಅಕ್ಷರಗಳು ಒಂದೇ ಮನೆಯಲ್ಲಿ ಹೇಗೆ ಸೇರಿದವು? ಹೀಬ್ರೂ ಭಾಷೆಯಲ್ಲಿ ಅಂಕಿಗಳನ್ನು ಅಕ್ಷರಗಳಿಂದಲೇ ಬರೆಯುವ ಪದ್ಧತಿಯುಂಟು. ಅಲ್ಲಿ ‘ಬ’ಕಾರಕ್ಕೆ 2, ‘ಕ’ಕಾರಕ್ಕೆ 20, ‘ರ’ಕಾರಕ್ಕೆ 200. ಸೊನ್ನೆಗಳನ್ನು ಒರಸಿಬಿಟ್ಟರೆ ಮೂರೂ ಎರಡೇ! ಬಹುತೇಕ ಅಕ್ಷರಗಳ ಬೆಲೆ ಹೀಗೆಯೇ ಬಂದಿದೆ. ಈ ಕೋಷ್ಟಕದಲ್ಲಿ ಯಾವ ಅಕ್ಷರಕ್ಕೂ ಒಂಬತ್ತು ಇಲ್ಲ. ಒಂಬತ್ತು ಅತಿ ಪವಿತ್ರವಾದುದರಿಂದ ಪ್ರಾಚೀನರು ಅದನ್ನು ಬಿಟ್ಟರೆಂದು ಹೇಳುವರು. ವಾಸ್ತವವಾಗಿ ಹೀಬ್ರೂವಿನಲ್ಲಿ 9 ಮತ್ತು 90 ಬೆಲೆಯ ಎರಡು ಅಕ್ಷರಗಳಿಗೆ ರೋಮನ್ ಲಿಪಿಯಲ್ಲಿ ಸರಿಸಾಟಿಯಾದ ಅಕ್ಷರಗಳಿಲ್ಲ. ಆ ಮನೆ ಖಾಲಿಯಾಗಿ ಉಳಿಯಿತು. ಖಾಲಿ ಮನೆಗೆ ಆಮೇಲೆ ಪಾವಿತ್ರ್ಯ ಬಂದಿತು. ಯೆಹೂದ್ಯರು ಎಣಿಕೆಗಾಗಿ ಇಟ್ಟುಕೊಂಡಿದ್ದ ಒಂದು ವ್ಯವಸ್ಥೆ, ಸೊನ್ನೆ ಕಳೆದುಕೊಂಡು, ಬೇರೊಂದು ಲಿಪಿಗೆ ಅಂಟಿ, ಚಿತ್ರದುರ್ಗದ ಜಿಲ್ಲೆಯ ಒಂದು ಹುಡುಗಿಯ ಪರೀಕ್ಷೆಯ ಅರ್ಜಿಯ ಮೇಲೆ ಬಂದು ಕುಳಿತಿದೆ.

ಇಷ್ಟೇ ಆಗಿದ್ದರೆ ‘ಎಲ್ಲಿಂದ ಬಂದರೇನು, ಫಲ ಕೊಟ್ಟರೆ ಸಾಕು’ ಎನ್ನಬಹುದಾಗಿತ್ತು. ಆದರೆ ಕೋಷ್ಟಕ ಒಂದೇ ಅಲ್ಲ. ‘ಪೈಥಾಗೊರಸನದು’ ಎನ್ನಲಾಗುವ ಇನ್ನೊಂದು ಉಂಟು. ಅದು ‘ಎ’ಯಿಂದ ‘ಐ’ವರೆಗೆ ಕ್ರಮವಾಗಿ ಒಂದರಿಂದ ಒಂಬತ್ತು, ‘ಜೆ’ಯಿಂದ ಮತ್ತೆ ಒಂದು ಎಂದು ಬೆಲೆ ಕಟ್ಟುತ್ತದೆ. ಗ್ರೀಕ್ ಭಾಷೆಯ ಪೈಥಾಗೊರಸನಿಗೂ ಇಂಗ್ಲಿಷಿನ ‘ಜೆ’, ‘ಡಬ್ಲ್ಯು’ಗಳಿಗೂ ಏನೇನೂ ಸಂಬಂಧವಿಲ್ಲ, ಅವು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಮುಂಚೆಯೇ ಅವನು ಸತ್ತಿದ್ದನು. ಇದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಳಕೆಗೆ ತಂದವರು ಅಮೆರಿಕದವರು. ಮೇಷ್ಟ್ರು ಮೊಮ್ಮಗಳ ಹೆಸರನ್ನು ಈ ಕೋಷ್ಟಕದಿಂದಲೂ ಕೂಡಿದರು. ‘ಎಚ್’ ಇಲ್ಲದ ಹೆಸರು 18, ಅಂದರೆ 9. ಎಂಟು ಬೆಲೆಯ ‘ಎಚ್’ ಸೇರಿದ ಹೆಸರು 26, ಅಂದರೆ 8. ಎಂಟೆಂದರೆ ಶನಿ, ಸಂಖ್ಯಾಶಾಸ್ತ್ರದಲ್ಲಿ ಎಲ್ಲರೂ ಅಂಜುವ ಸಂಖ್ಯೆ. ಚಿತ್ರದುರ್ಗದವರು ಯಾವ ಅಕ್ಷರದಿಂದ ಕಿರೀಟವಿಟ್ಟರೋ ಅದೇ ಅಕ್ಷರ ಇನ್ನೊಂದು ಪುಸ್ತಕದಲ್ಲಿ ಶನಿಯನ್ನು ಕರೆತರುತ್ತದೆ. ಎರಡು ತಕ್ಕಡಿಗಳು ಒಂದೇ ಬೆಲ್ಲಕ್ಕೆ ಬೇರೆಬೇರೆ ತೂಕ ತೋರಿಸಿದರೆ ಗಿರಾಕಿಯು ಬೆಲ್ಲವನ್ನು ಸಂಶಯಿಸುವುದಿಲ್ಲ, ತಕ್ಕಡಿಯನ್ನು ಸಂಶಯಿಸುತ್ತಾನೆ.

ಇದಕ್ಕಿಂತ ಆಳವಾದ ತೊಡಕು ಇನ್ನೊಂದಿದೆ; ಅದು ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದುದು. ರೋಮನ್ ಲಿಪಿಯಲ್ಲಿ ‘ತ’ಕಾರಕ್ಕೂ ‘ಟ’ಕಾರಕ್ಕೂ ಬೇರೆ ಅಕ್ಷರಗಳಿಲ್ಲ. ದಕ್ಷಿಣದವರು ‘ಟಿ’ಯನ್ನು ‘ಟ’ಕಾರಕ್ಕೆ ಮೀಸಲಿಟ್ಟು, ‘ತ’ಕಾರವನ್ನು ‘ಟಿ-ಎಚ್’ ಎಂದು ಬರೆಯುವುದುಂಟು. ಪುಣೆಯವರೂ ಕಾಶಿಯವರೂ ‘ತ’ಕಾರಕ್ಕೆ ‘ಟಿ’ ಒಂದೇ ಸಾಕೆನ್ನುವರು. ಹಾಗಾದರೆ ಉತ್ತರದ ಸವಿತಾಗಳೆಲ್ಲ ಸಿಡಿಲು ಬಡಿದ ಗೋಪುರಗಳು, ದಕ್ಷಿಣದ ಸವಿತಾಗಳೆಲ್ಲ ಕಿರೀಟಧಾರಿಣಿಯರು ಎಂದಾಗಬೇಕು. ಗುಮಾಸ್ತನ ಅಭ್ಯಾಸದಿಂದ ಬಂದ ಅಂತರವನ್ನು ಗ್ರಹಗಳ ತಲೆಗೆ ಕಟ್ಟಿದಂತಾಯಿತು. ಹುಡುಗಿಯನ್ನು ಕರೆಯುವ ಹೆಸರಿನಲ್ಲಿ ‘ಟಿ’ಯೂ ಇಲ್ಲ, ‘ಎಚ್’ ಕೂಡ ಇಲ್ಲ. ಅಲ್ಲಿರುವುದು ‘ಸ’, ‘ವಿ’, ‘ತಾ’ ಎಂಬ ಮೂರು ಅಕ್ಷರ ಮಾತ್ರ. ಎಣಿಸಿದುದು ಹೆಸರನ್ನಲ್ಲ, ಹೆಸರಿನ ಮೇಲೆ ಪರಭಾಷೆಯವರು ಹೊದಿಸಿದ ಬಟ್ಟೆಯನ್ನು.

ಮೇಷ್ಟ್ರು ಸೊಸೆಗೆ ತಮ್ಮ ಊರಿನ ಹೆಸರನ್ನೇ ಉದಾಹರಣೆಯಾಗಿ ಕೊಟ್ಟರು. ಐಮಂಗಲವನ್ನು ಇಂಗ್ಲಿಷಿನಲ್ಲಿ ‘ಎ-ಐ’ ಎಂದು ಮೊದಲು ಮಾಡಿ ಬರೆಯಬಹುದು. ‘ಐ’ ಒಂದರಿಂದಲೇ ಬರೆಯಬಹುದು. ‘ಎ-ವೈ-ಐ’ ಎಂದೂ ಬರೆಯಬಹುದು. ಚಾಲ್ಡಿಯನ್ ಕೋಷ್ಟಕದಂತೆ ಇವು ಕ್ರಮವಾಗಿ 20, 19, 21. ಅಂದರೆ ಎರಡು, ಒಂದು, ಮೂರು. ಚಂದ್ರ, ರವಿ, ಗುರು. ಒಂದೇ ಊರು ಮೂರು ಗ್ರಹಗಳ ಆಳ್ವಿಕೆಯಲ್ಲಿ! ಇನ್ನು ‘ಮಂಗಲ’ವೆಂಬ ಭಾಗವನ್ನಷ್ಟೇ ಕೂಡಿದರೆ ಬರುವುದು 18. ಕೀರೋನ ಪುಸ್ತಕದಲ್ಲಿ 18 ಜಗಳ, ಯುದ್ಧ, ವಂಚನೆಗಳ ಸಂಖ್ಯೆ. ಕನ್ನಡದಲ್ಲಿ ಶುಭವೆಂದೇ ಅರ್ಥವಿರುವ ಶಬ್ದ ಆ ಲೆಕ್ಕದಲ್ಲಿ ಅಶುಭಗಳಲ್ಲೆಲ್ಲ ಅಶುಭ. ಇದನ್ನು ಕೇಳಿ, ಅಷ್ಟು ಹೊತ್ತು ಗಂಭೀರಳಾಗಿ ಕುಳಿತಿದ್ದ ಸೊಸೆಗೂ ನಗು ಬಂದಿತು.

ಆದರೆ ನಗು ಬಂದ ಮಾತ್ರಕ್ಕೆ ಭಯ ಹೋಗುವುದಿಲ್ಲ. “ದೊಡ್ಡದೊಡ್ಡವರೆಲ್ಲ ಬದಲಾಯಿಸಿಕೊಂಡಿದ್ದಾರಲ್ಲ, ಮಾವ? ಅವರೆಲ್ಲ ತಿಳಿಯದವರೇ?” ಎಂಬುದು ಅವಳ ಮುಂದಿನ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ. ಕರ್ನಾಟಕದಲ್ಲಿ ಎಲ್ಲರೂ ಬಲ್ಲ ಒಂದು ನಿದರ್ಶನವೂ ಉಂಟು.

ಮಾಜಿ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರ ಹೆಸರು ಯಡಿಯೂರಿನ ಸಿದ್ಧಲಿಂಗೇಶ್ವರ ಕ್ಷೇತ್ರದಿಂದ ಬಂದುದು. ಇಂಗ್ಲಿಷಿನಲ್ಲಿ ಅದರ ನಾಲ್ಕನೆಯ ಅಕ್ಷರ ‘ಐ’ ಆಗಿತ್ತು. 2007ರ ಸುಮಾರಿಗೆ ಅವರು ಆ ‘ಐ’ಯನ್ನು ತೆಗೆದು ಇನ್ನೊಂದು ‘ಡಿ’ಯನ್ನು ಸೇರಿಸಿಕೊಂಡರು, ಸಲಹೆ ಜ್ಯೋತಿಷ್ಯ, ಸಂಖ್ಯಾಶಾಸ್ತ್ರಗಳ ಕಡೆಯಿಂದ ಬಂದುದೆಂದು ಪತ್ರಿಕೆಗಳು ಬರೆದವು. ಅವರಿಗೆ ಲೆಕ್ಕ ಹಾಕಿಕೊಟ್ಟವರು ಯಾವ ಕೋಷ್ಟಕವನ್ನು ಹಿಡಿದರೆಂಬುದು ಬೇರೆ ಮಾತು. ಆದರೆ ಚಾಲ್ಡಿಯನ್ ಕೋಷ್ಟಕವನ್ನು ಹಿಡಿದು ಯಾರು ಬೇಕಾದರೂ ಕೂಡಿ ನೋಡಬಹುದು. ‘ಬಿ’ ಮತ್ತು ‘ಎಸ್’ ಸೇರಿ ಹಳೆಯ ರೂಪ 43, ಹೊಸ ರೂಪ 46. ಕೀರೋನ ಮಾತಿನಲ್ಲಿ 43 ಕ್ಷೋಭೆ, ವೈಫಲ್ಯಗಳ ಸಂಖ್ಯೆ. 46 ಒಳ್ಳೆಯ ಸಂಖ್ಯೆ, ಕೂಡಿದರೆ ರವಿಯ ಒಂದು. ಕಾಗದದ ಮೇಲೆ ಇದಕ್ಕಿಂತ ಚೆಲುವಾದ ಬದಲಾವಣೆ ಇರಲಾರದು.

ಇನ್ನು ಬಾಳಿನ ಲೆಕ್ಕ. 2007ರ ನವೆಂಬರ್ 12ರಂದು ಅವರು ಮೊದಲ ಸಲ ಮುಖ್ಯಮಂತ್ರಿಗಳಾದರು. ಏಳೇ ದಿನಗಳಲ್ಲಿ ರಾಜೀನಾಮೆ ಕೊಡಬೇಕಾಯಿತು. 2008ರ ಮೇ 30ರಂದು ಮತ್ತೆ ಅಧಿಕಾರಕ್ಕೆ ಬಂದು, ಮೂರು ವರ್ಷಕ್ಕೆ ಸ್ವಲ್ಪ ಹೆಚ್ಚು ಕಾಲ ಆಳಿ, ಅವಧಿ ಮುಗಿಯುವ ಮುನ್ನ 2011ರ ಜುಲೈ 31ರಂದು ಸ್ಥಾನ ಬಿಟ್ಟರು. 2018ರ ಮೇ 17ರಂದು ಮೂರನೆಯ ಸಲ ಪ್ರಮಾಣವಚನ. ಬಹುಮತವಿಲ್ಲದೆ 19ರಂದೇ ರಾಜೀನಾಮೆ. 2019ರ ಜುಲೈ 26ರಂದು ನಾಲ್ಕನೆಯ ಸಲ ಮುಖ್ಯಮಂತ್ರಿಗಳಾಗುವಾಗ ಅವರು ಆ ‘ಡಿ’ಯನ್ನು ಬಿಟ್ಟು ಹಳೆಯ ‘ಐ’ಗೇ ಮರಳಿದ್ದರು. ಆ ಆಳ್ವಿಕೆ ಸರಿಯಾಗಿ ಎರಡು ವರ್ಷ ನಡೆದು 2021ರ ಜುಲೈ 26ರಂದು ಮುಗಿಯಿತು. ಹೊಸ ಅಕ್ಷರದಲ್ಲಿ ಏಳು ದಿನವೂ ಉಂಟು, ಮೂರು ವರ್ಷವೂ ಉಂಟು, ಮೂರು ದಿನವೂ ಉಂಟು. ಹಳೆಯ ಅಕ್ಷರದಲ್ಲಿ ಎರಡು ವರ್ಷವುಂಟು. ಇದರಲ್ಲಿ ‘ಡಿ’ಯ ಮಹಿಮೆಯನ್ನು ಕಾಣಬಯಸುವವನು 2008ನ್ನು ತೋರಿಸುವನು, ‘ಐ’ಯ ಮಹಿಮೆಯನ್ನು ಕಾಣಬಯಸುವವನು 2018ನ್ನು ತೋರಿಸುವನು. ಏರಿಳಿತಗಳ ನಿಜವಾದ ಕಾರಣಗಳು ಶಾಸಕರ ಸಂಖ್ಯೆ, ಪಕ್ಷಗಳ ಹೊಂದಾಣಿಕೆ, ಆಡಳಿತದ ಆರೋಪಗಳು ಇವುಗಳಲ್ಲಿದ್ದುವು. ಎಲ್ಲಕ್ಕಿಂತ ಮಿಗಿಲಾಗಿ, ಇಷ್ಟೂ ವರ್ಷ ಕನ್ನಡ ಪತ್ರಿಕೆಗಳಲ್ಲಿಯೂ ಮತದಾರನ ನಾಲಗೆಯ ಮೇಲೆಯೂ ಅವರ ಹೆಸರು ‘ಯಡಿಯೂರಪ್ಪ’ ಎಂದೇ ಇತ್ತು. ಆ ಹೆಸರಿಗೆ ಮತ ಹಾಕಿದ ರೈತನಿಗೆ ಅದರ ಇಂಗ್ಲಿಷ್ ರೂಪದಲ್ಲಿ ಒಂದಕ್ಷರ ಬಂದು ಹೋದುದು ತಿಳಿಯಲೇ ಇಲ್ಲ.

ಹಾಗಿದ್ದರೂ ‘ಬದಲಾಯಿಸಿದ ಮೇಲೆ ಒಳ್ಳೆಯದಾಯಿತು’ ಎಂದು ಪ್ರಾಮಾಣಿಕವಾಗಿ ಹೇಳುವವರು ಇದ್ದೇ ಇರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ವ್ಯಾಪಾರ ಚೆನ್ನಾಗಿದ್ದಾಗ, ಮಗು ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾದಾಗ ಯಾರೂ ಸಂಖ್ಯಾಶಾಸ್ತ್ರಜ್ಞರ ಮನೆಗೆ ಹೋಗುವುದಿಲ್ಲ. ಹೋಗುವುದು ಕೈಸೋತಾಗ, ಎಲ್ಲವೂ ತಳ ಮುಟ್ಟಿದಾಗ. ತಳ ಮುಟ್ಟಿದ ಮೇಲೆ ಮುಂದಿನ ದಾರಿ ಬಹುಮಟ್ಟಿಗೆ ಮೇಲಕ್ಕೇ. ಹಿರಿಯೂರಿನವರಿಗೆ ಇದು ಮಾರಿಕಣಿವೆಯ ನಿದರ್ಶನದಿಂದ ಸುಲಭವಾಗಿ ತಿಳಿದೀತು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಹರಿದಿತ್ತು. ಮತ್ತೆ ಕೋಡಿ ಹರಿದುದು 2022ರಲ್ಲಿ. ನಡುವಣ ಎಂಬತ್ತೊಂಬತ್ತು ವರ್ಷಗಳಲ್ಲಿ ನೀರು ಎಷ್ಟೋ ಸಲ ತಳಕ್ಕಿಳಿಯಿತು, ಎಷ್ಟೋ ಸಲ ಏರಿತು. ಅತಿ ಕೆಟ್ಟ ಬರಗಾಲದ ಕೊನೆಯಲ್ಲಿ ಯಾರಾದರೂ ಬಂದು ಅಣೆಕಟ್ಟಿನ ಹೆಸರಿಗೆ ಒಂದಕ್ಷರ ಸೇರಿಸಿದ್ದರೆ, ಮುಂದಿನ ವರ್ಷ ಏರಿದ ನಾಲ್ಕಡಿ ನೀರು ಆ ಅಕ್ಷರದ ಲೆಕ್ಕಕ್ಕೆ ಹೋಗುತ್ತಿತ್ತು. ಹೆಸರು ಬದಲಾಯಿಸಿಯೂ ಏಳಿಗೆ ಕಾಣದವರ ಕಥೆಯನ್ನು ಯಾರೂ ಹೇಳುವುದಿಲ್ಲ. ಅವರಿಗೆ ‘ಮನೆಯ ನಂಬರೂ ಸರಿಯಿಲ್ಲ’ ಎಂಬ ಇನ್ನೊಂದು ಉತ್ತರ ಸಿದ್ಧವಾಗಿರುತ್ತದೆ. ಒಂದರಿಂದ ಎಂಟರವರೆಗೆ ಎಲ್ಲ ಬೆಲೆಗೂ ಅಕ್ಷರಗಳಿರುವಾಗ, ಯಾವ ಹೆಸರನ್ನಾದರೂ ಒಂದೇ ಅಕ್ಷರದಿಂದ ಬೇಕಾದ ಸಂಖ್ಯೆಗೆ ತಿರುಗಿಸಬಹುದು. ಎಂದಿಗೂ ಸೋಲಲಾಗದ ಶಾಸ್ತ್ರವು ಏನನ್ನೂ ಗೆದ್ದು ತೋರಿಸಿದಂತಾಗಲಿಲ್ಲ.

ಅಕ್ಷರಗಳಿಗೆ ಅಂಕಿ ಕಟ್ಟುವ ವಿದ್ಯೆ ನಮ್ಮಲ್ಲಿಯೂ ಇತ್ತು, ಅದು ಕಟಪಯಾದಿ. ‘ಕ’ ಒಂದು, ‘ಖ’ ಎರಡು ಎಂದು ಕ್ರಮವಾಗಿ ಬೆಲೆ ಕೊಟ್ಟು, ದೊಡ್ಡದೊಡ್ಡ ಸಂಖ್ಯೆಗಳನ್ನು ಶಬ್ದಗಳಲ್ಲಿ ಅಡಗಿಸಿ ಬಾಯಿಪಾಠ ಮಾಡುತ್ತಿದ್ದರು. ಗಣಿತಜ್ಞರಿಗೂ ಖಗೋಳಶಾಸ್ತ್ರಜ್ಞರಿಗೂ ಅದು ನೆನಪಿನ ಸಾಧನ. ಕರ್ನಾಟಕ ಸಂಗೀತದಲ್ಲಿಯಂತೂ ಸಂಖ್ಯೆಗೆ ಹೊಂದುವಂತೆ ಹೆಸರನ್ನು ತಿದ್ದಿದ ನಿದರ್ಶನವೇ ಉಂಟು. ಎಪ್ಪತ್ತೆರಡು ಮೇಳಗಳ ಪಟ್ಟಿಯಲ್ಲಿ ಶಂಕರಾಭರಣದ ಸ್ಥಾನ 29. ಹೆಸರಿನ ಮೊದಲೆರಡು ಅಕ್ಷರಗಳಿಂದಲೇ ಆ ಸಂಖ್ಯೆ ಹೊಳೆಯಬೇಕು. ‘ಧ’ಕಾರಕ್ಕೆ ಒಂಬತ್ತು, ‘ರ’ಕಾರಕ್ಕೆ ಎರಡು, ಹಿಂದುಮುಂದಾಗಿ ಓದಿದರೆ 29. ಆದುದರಿಂದ ‘ಧೀರ’ ಎಂಬುದನ್ನು ಮುಂದಿಟ್ಟು ‘ಧೀರಶಂಕರಾಭರಣ’ವೆಂದರು. 65ನೆಯ ಮೇಳವಾದ ಕಲ್ಯಾಣಿ ಹಾಗೆಯೇ ‘ಮೇಚಕಲ್ಯಾಣಿ’ಯಾಯಿತು. ಆದರೆ ‘ಧೀರ’ ಸೇರಿದ ಮೇಲೆ ಶಂಕರಾಭರಣ ಹೆಚ್ಚು ಇಂಪಾಯಿತೆಂದು ಯಾವ ವಿದ್ವಾಂಸನೂ ಹೇಳಲಿಲ್ಲ. ಸ್ವರಗಳು ಅವೇ, ರಾಗ ಅದೇ. ಬದಲಾದುದು ಪಟ್ಟಿಯಲ್ಲಿ ಅದನ್ನು ಹುಡುಕುವ ಗುರುತು. ಹೆಸರಿನಲ್ಲಿರುವ ಸಂಖ್ಯೆಯನ್ನು ಎಷ್ಟರಮಟ್ಟಿಗೆ ಗೌರವಿಸಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಾಗಿಲ್ಲ.

ಹಾಗೆಂದು ಇಂಗ್ಲಿಷ್ ಅಕ್ಷರಗಳನ್ನು ಎಂದೂ ಬದಲಾಯಿಸಕೂಡದೆಂದಲ್ಲ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಶಿವಮೊಗ್ಗ, ತುಮಕೂರು ಮೊದಲಾದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದುವು. ಅಲ್ಲಿ ಉದ್ದೇಶ ಅದೃಷ್ಟವಲ್ಲ, ಉಚ್ಚಾರ: ಕನ್ನಡಿಗನ ಬಾಯಲ್ಲಿರುವ ಹೆಸರು ಇಂಗ್ಲಿಷಿನ ಬರವಣಿಗೆಯಲ್ಲಿಯೂ ಕೇಳಿಸಬೇಕೆಂಬುದು. ಓದುವವನ ನಾಲಗೆಯನ್ನು ನಿಜವಾದ ಹೆಸರಿನ ಹತ್ತಿರಕ್ಕೆ ಒಯ್ಯುವ ಬದಲಾವಣೆಗೆ ಅರ್ಥವುಂಟು. ದಾಖಲೆಗಳಲ್ಲಿ ಎರಡು ಮೂರು ಬಗೆಯಾಗಿರುವುದನ್ನು ಒಂದು ಮಾಡುವುದಕ್ಕೂ ಅರ್ಥವುಂಟು. ಕರೆಯುವ ಹೆಸರನ್ನು ಮುಟ್ಟದೆ ಮೊತ್ತವನ್ನಷ್ಟೇ ತಿದ್ದುವ ಬದಲಾವಣೆಗೆ ಮಾತ್ರ ಅರ್ಥವಿಲ್ಲ, ಆದರೆ ವೆಚ್ಚವುಂಟು.

ವೆಚ್ಚವೆಂದರೆ ಶಾಸ್ತ್ರಜ್ಞರ ದಕ್ಷಿಣೆಯಷ್ಟೇ ಅಲ್ಲ. ಬೆಳೆದವರು ಹೆಸರಿನ ಅಕ್ಷರಗಳನ್ನು ಕ್ರಮಬದ್ಧವಾಗಿ ಬದಲಾಯಿಸಬೇಕಾದರೆ ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಬೇಕು, ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಗೆಜೆಟ್ಟಿನಲ್ಲಿ ಅಚ್ಚಾಗಬೇಕು. ಅನಂತರ ಪ್ಯಾನ್ ಕಾರ್ಡು, ಬ್ಯಾಂಕಿನ ಖಾತೆ, ಪಾಸ್‌ಪೋರ್ಟು ಎಂದು ಒಂದೊಂದೇ ಬಾಗಿಲು ತಟ್ಟಬೇಕು. ಆಧಾರದಲ್ಲಿ ಹೆಸರನ್ನು ತಿದ್ದಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಹತ್ತನೆಯ ತರಗತಿಯ ಅಂಕಪಟ್ಟಿಯಂತೂ ಮುಂದಿನ ಎಲ್ಲ ದಾಖಲೆಗಳಿಗೂ ತಾಯಿಬೇರು. ಅದರಲ್ಲಿ ಒಂದು ರೂಪ, ಜನನಪತ್ರದಲ್ಲಿ ಇನ್ನೊಂದು ರೂಪವಾದರೆ ವಿದ್ಯಾರ್ಥಿವೇತನದ ಅರ್ಜಿಯಿಂದ ಹಿಡಿದು ಕೆಲಸಕ್ಕೆ ಸೇರುವವರೆಗೆ ‘ಇಬ್ಬರೂ ಒಬ್ಬರೇ’ ಎಂದು ಸಾಧಿಸುತ್ತ ತಿರುಗಬೇಕಾದೀತು. ಅದೃಷ್ಟಕ್ಕಾಗಿ ಸೇರಿಸಿದ ಅಕ್ಷರವೇ ಅನಿಷ್ಟಕ್ಕೆ ದಾರಿಯಾಗುವುದು ಹೀಗೆ.

ಮೇಷ್ಟ್ರು ಅರ್ಜಿಗಾಗಿ ಮೊಮ್ಮಗಳ ದಾಖಲೆಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆಸಿದರು. ಜನನಪತ್ರದಲ್ಲಿ ‘ಎಚ್’ ಇರಲಿಲ್ಲ. ಶಾಲೆಯ ದಾಖಲೆಯಲ್ಲಿಯೂ ಇರಲಿಲ್ಲ. ಆಧಾರ ಕಾರ್ಡನ್ನು ಕನ್ನಡಕದ ಹತ್ತಿರ ಹಿಡಿದವರು ಒಂದು ಕ್ಷಣ ಸುಮ್ಮನಾಗಿ, ಅದನ್ನು ಸೊಸೆಯ ಕೈಗಿತ್ತರು.

“ನೋಡಮ್ಮ, ಇದರಲ್ಲಿ ‘ಎಚ್’ ಇದೆ. ಹತ್ತು ವರ್ಷದ ಹಿಂದೆ ಕಾರ್ಡು ಮಾಡಿದ ಹುಡುಗ ತನ್ನ ಅಭ್ಯಾಸದಂತೆ ಬರೆದುಬಿಟ್ಟಿದ್ದಾನೆ. ಕಿರೀಟದ ಹೆಸರೂ ಗೋಪುರದ ಹೆಸರೂ ಎರಡೂ ಇಷ್ಟು ದಿನ ನಿನ್ನ ಮಗಳದ್ದೇ. ಹತ್ತು ವರ್ಷ ಈ ಅದೃಷ್ಟ ಪೆಟ್ಟಿಗೆಯಲ್ಲಿಯೇ ಕುಳಿತಿತ್ತಲ್ಲ!”

ಸೊಸೆ ಕಾರ್ಡನ್ನು ಬಹಳ ಹೊತ್ತು ನೋಡಿದಳು. “ಹಾಗಾದರೆ ಆ ‘ಎಚ್’ ತೆಗೆಸಬೇಕೆನ್ನುತ್ತೀರಾ? ಇರುವುದನ್ನು ಕೈಯಾರೆ ತೆಗೆಸುವುದಕ್ಕೆ ಮನಸ್ಸು ಹಿಂಜರಿಯುತ್ತದೆ, ಮಾವ” ಎಂದಳು.

“ಹಿಂಜರಿಯುವುದು ಸಹಜವಮ್ಮ. ಹದಿನೈದು ತುಂಬಿದ ಮೇಲೆ ಬೆರಳಚ್ಚು ಹೊಸದಾಗಿ ಕೊಡುವುದಕ್ಕೆ ಹೇಗೂ ಆಧಾರ ಕೇಂದ್ರಕ್ಕೆ ಹೋಗಬೇಕು. ಜನನಪತ್ರ ತೋರಿಸಿ ಅದನ್ನೂ ಸರಿಮಾಡಿಸಿಬಿಡೋಣ. ಮೂರು ಕಾಗದದಲ್ಲಿಯೂ ಒಂದೇ ಹೆಸರಾದರೆ ಮುಂದೆ ಅವಳನ್ನು ಯಾವ ಕಚೇರಿಯಲ್ಲಿಯೂ ತಡೆಯುವವರಿಲ್ಲ. ಅದಕ್ಕಿಂತ ದೊಡ್ಡ ಅದೃಷ್ಟ ಅಕ್ಷರದಿಂದ ಏನು ಬಂದೀತು?”

ಒಳಗಿನ ಕೋಣೆಯಲ್ಲಿ ಹುಡುಗಿ ಬರೆಯುತ್ತ ಕುಳಿತಿದ್ದಳು. ಮೇಷ್ಟ್ರು ಹೋಗಿ ನೋಡಿದರು. ಗಣಿತದ ನೋಟುಪುಸ್ತಕದಲ್ಲಿ ಮೂರು ಪುಟಗಳ ತುಂಬ ‘ಎಚ್’ ಸೇರಿದ ಅವಳ ಹೆಸರೇ ಇತ್ತು. ಎಪ್ಪತ್ತೆರಡಾಗಿತ್ತು, ಇನ್ನೂ ಮೂವತ್ತಾರು ಉಳಿದಿತ್ತು.

“ತಾತ, ನನ್ನ ಹೆಸರು ಕೆಟ್ಟದ್ದಂತೆ ಹೌದೇ?” ಎಂದು ಅವಳು ತಲೆಯೆತ್ತದೆಯೇ ಕೇಳಿದಳು.

ಬಾಗಿಲಲ್ಲಿ ನಿಂತಿದ್ದ ತಾಯಿಗೆ ಆ ಮಾತು ಕೇಳಿಸಿತು. ಮೂರು ದಿನಗಳಿಂದ ಮಗಳ ಒಳಿತಿಗಾಗಿ ತಾನು ಏನನ್ನು ಅವಳ ಕಿವಿಗೆ ಹಾಕಿದ್ದೆನೆಂಬುದು ಅವಳಿಗೆ ಆಗ ಹೊಳೆಯಿತು. ಅವಳು ಒಳಗೆ ಬಂದು, ಚೀಟಿಯನ್ನು ಮಡಿಸಿ ಸೆರಗಿನಲ್ಲಿ ಸೇರಿಸಿಕೊಂಡು, “ಯಾರು ಹೇಳಿದರು? ಸವಿತೃ ಎಂದರೆ ಸೂರ್ಯ. ಹೆಸರಿಟ್ಟವಳು ನಾನು” ಎಂದಳು.

ಮೇಷ್ಟ್ರು ಪೆನ್ಸಿಲಿನಿಂದ ಆ ಮೂರು ಪುಟಗಳ ಕೆಳಗೆ ಒಂದು ಗೆರೆ ಎಳೆದರು. ಹೊಸ ಪುಟದ ನೆತ್ತಿಯ ಮೇಲೆ, ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳು ಬಿಡಿಸದೆ ಬಿಟ್ಟುಬಂದಿದ್ದ ಮೊದಲನೆಯ ಲೆಕ್ಕವನ್ನು ಬರೆದುಕೊಟ್ಟು, ಪಕ್ಕದಲ್ಲಿಯೇ ಕುಳಿತರು.